ಮೊತ್ತ, ದಿನಾಂಕ, ಷರಾ: ವೈದ್ಯಕೀಯ ಬಿಲ್ಲನ್ನು ಓದುವ ಬಗೆಯ ಹಳೆಯ ತಕರಾರು

ವೈದ್ಯಕೀಯ ವೆಚ್ಚ ಮರುಪಾವತಿಯ ಕಡತ ಯಾವ ಕಚೇರಿಯದೇ ಇರಲಿ, ಅದರ ಮೊದಲ ಹಾಳೆಯಲ್ಲಿ ಮೂರು ಕಾಲಂ ಇದ್ದೇ ಇರುತ್ತವೆ: ಬಿಲ್ಲಿನ ದಿನಾಂಕ, ಬಿಲ್ಲಿನ ಮೊತ್ತ, ಮಾನ್ಯವೋ ಅಮಾನ್ಯವೋ ಎಂಬ ಷರಾ. ನೋಡಿದರೆ ನಕಲು ಮಾಡುವ ಕೆಲಸ. ಕಾಗದದಲ್ಲಿರುವುದನ್ನು ಪಟ್ಟಿಗೆ ಇಳಿಸಿದರೆ ಮುಗಿಯಿತು ಎಂದು ಹೊಸದಾಗಿ ಸಿಬ್ಬಂದಿ ಶಾಖೆಗೆ ಬಂದವರು ನಂಬುತ್ತಾರೆ. ಮೊದಲ ಆಕ್ಷೇಪಣೆ ಬಂದ ದಿನ ಆ ನಂಬಿಕೆ ಹೋಗುತ್ತದೆ. ಒಂದೇ ಚಿಕಿತ್ಸೆಗೆ ಐದಾರು ದಿನಾಂಕಗಳಿರುತ್ತವೆ, ಮೂರು ನಾಲ್ಕು "ಒಟ್ಟು" ಮೊತ್ತಗಳಿರುತ್ತವೆ. ಮಾನ್ಯತೆಯಂತೂ ಯಾವ ಬಿಲ್ಲಿನ ಮೇಲೂ ಅಚ್ಚಾಗಿರುವುದಿಲ್ಲ.

ಹಾಗಾದರೆ ಬಿಲ್ಲಿನಿಂದ ಏನನ್ನು ಎತ್ತಿಕೊಳ್ಳಬೇಕು, ಏನನ್ನು ನಿಯಮದಿಂದ ತಂದು ಸೇರಿಸಬೇಕು? ಈ ಪ್ರಶ್ನೆಗೆ ಎಂಬತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಕೇಂದ್ರ ಸರ್ಕಾರಿ ನೌಕರರ ವ್ಯವಸ್ಥೆಯನ್ನು ಮುಖ್ಯವಾಗಿಟ್ಟುಕೊಂಡು ಆ ಉತ್ತರಗಳನ್ನು ಇಲ್ಲಿ ನೋಡೋಣ. ರಾಜ್ಯಗಳ, ಕಂಪನಿಗಳ ಪದ್ಧತಿಗಳಲ್ಲಿ ಹೆಚ್ಚಿನವು ಇದರದೇ ಅಚ್ಚಿನಲ್ಲಿ ಬೆಳೆದವು.

1944ರಿಂದ ಬಂದ ದಾರಿ

ಕೇಂದ್ರ ನೌಕರರ ವೈದ್ಯಕೀಯ ಉಪಚಾರ ನಿಯಮಗಳು 1944ರವು. ಕಚೇರಿಗಳಲ್ಲಿ ಇಂದಿಗೂ ಅವನ್ನು ಸಿಎಸ್ ಎಂಎ ನಿಯಮಗಳೆಂದೇ ಕರೆಯುತ್ತಾರೆ. ಅವುಗಳ ನಡುಕಂಬ ಅಧಿಕೃತ ವೈದ್ಯಾಧಿಕಾರಿ. ಅವರು ಬರೆದ ಔಷಧಿ, ಅವರು ಮೇಲುರುಜು ಹಾಕಿದ ರಸೀದಿ, ಅವರು ಕೊಟ್ಟ ಎಸೆನ್ಶಿಯಾಲಿಟಿ ಸರ್ಟಿಫಿಕೇಟ್ ಇದ್ದರೆ ಹಣ ಬರುತ್ತದೆ. ಈ ಸರ್ಟಿಫಿಕೇಟಿನಲ್ಲಿ ಎರಡು ನಮೂನೆ: ಆಸ್ಪತ್ರೆಗೆ ದಾಖಲಾಗದೆ ಚಿಕಿತ್ಸೆ ಪಡೆದವರಿಗೆ 'ಎ', ದಾಖಲಾದವರಿಗೆ 'ಬಿ'. ಆಹಾರವೆನ್ನಿಸುವ ವಸ್ತು, ಟಾನಿಕ್, ಸೋಪು ಪೌಡರುಗಳಂಥ ಶೌಚ ಸಾಮಗ್ರಿ, ಕ್ರಿಮಿನಾಶಕ ಇವು ವೈದ್ಯರು ಬರೆದರೂ ಸಿಗವು. ಕಾಯಿಲೆಯ ಒಂದು ಸರದಿಗೆ ಹತ್ತು ದಿನಗಳೊಳಗೆ ನಾಲ್ಕು ಸಮಾಲೋಚನೆ ಎಂಬ ಮಿತಿಯೂ ಇತ್ತು. ಆ ಕಾಲದ ಗುಮಾಸ್ತರು ಬಿಲ್ಲನ್ನು ಸಾಲು ಸಾಲಾಗಿ ಓದಬೇಕಾಗಿತ್ತು.

1954ರಲ್ಲಿ ದೆಹಲಿಯಲ್ಲಿ ಸಿಜಿಎಚ್‌ಎಸ್ ಶುರುವಾಯಿತು. ಔಷಧಾಲಯವನ್ನು ಸರ್ಕಾರವೇ ನಡೆಸಿದ್ದರಿಂದ ಅದು ಇದ್ದ ನಗರಗಳಲ್ಲಿ ಚಿಲ್ಲರೆ ರಸೀದಿಗಳ ಹಾವಳಿ ಕಡಿಮೆಯಾಯಿತು. ಸಿಜಿಎಚ್‌ಎಸ್ ಮುಟ್ಟದ ಊರುಗಳ ನೌಕರರು ಹಳೆಯ ನಿಯಮಗಳಲ್ಲೇ ಉಳಿದರು. ಕರ್ನಾಟಕ ಸರ್ಕಾರ ತನ್ನ ನೌಕರರಿಗೆ 1963ರಲ್ಲಿ ಇದೇ ಮಾದರಿಯ ವೈದ್ಯಕೀಯ ಹಾಜರಾತಿ ನಿಯಮಗಳನ್ನು ಮಾಡಿಕೊಂಡಿತು. ಖಾಸಗಿ ಕಂಪನಿಗಳಲ್ಲಿ ಕಥೆ ಬೇರೆ. ಅಲ್ಲಿ ವರ್ಷಕ್ಕೆ 15,000 ರೂಪಾಯಿಯವರೆಗಿನ ವೈದ್ಯಕೀಯ ಮರುಪಾವತಿಗೆ ಆದಾಯ ತೆರಿಗೆ ಇರಲಿಲ್ಲ. ಹಾಗಾಗಿ ಫೆಬ್ರುವರಿ ಬಂತೆಂದರೆ ಮನೆಮಂದಿಯ ಮೆಡಿಕಲ್ ಶಾಪ್ ಚೀಟಿಗಳೆಲ್ಲ ಎಚ್ಆರ್ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. 2018ರ ಬಜೆಟ್ 40,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟು ಈ ವಿನಾಯಿತಿಯನ್ನು ಅದರಲ್ಲಿ ಕರಗಿಸಿತು. ಚೀಟಿ ಕೂಡುವ ಆ ಕೆಲಸ ಹೋದದ್ದಕ್ಕೆ ಯಾರೂ ಅತ್ತದ್ದು ಕೇಳಿಲ್ಲ.

ಒಂದು ಕಡತ, ಹಾಳೆ ಹಾಳೆಯಾಗಿ

ವಾದಗಳಿಗೆ ಹೋಗುವ ಮುಂಚೆ ಕಡತವೊಂದನ್ನು ಬಿಚ್ಚಿ ನೋಡುವುದು ಒಳ್ಳೆಯದು. ಕೆಳಗಿನದು ಕಲ್ಪಿತ, ಆದರೆ ಇದರ ಪ್ರತಿ ಹಾಳೆಯೂ ದಿನಾ ಬರುವಂಥದ್ದು. ಜಿಲ್ಲಾ ಕೇಂದ್ರವೊಂದರ ಕೇಂದ್ರ ಸರ್ಕಾರಿ ಕಚೇರಿಯ ನೌಕರರೊಬ್ಬರ ಹೆಂಡತಿಗೆ 2024ರ ಜೂನ್‌ನಲ್ಲಿ ಪಿತ್ತಕೋಶದ ಲ್ಯಾಪರೊಸ್ಕೋಪಿಕ್ ಶಸ್ತ್ರಚಿಕಿತ್ಸೆ ಆಗಿದೆ. ಆಸ್ಪತ್ರೆ ಮಾನ್ಯತೆ ಪಡೆದದ್ದೇ.

ಕಡತದಲ್ಲಿ ಮೊದಲು ಜೂನ್ 8ರ ಮುಂಗಡ ರಸೀದಿ, 20,000. ಆಮೇಲೆ ಜೂನ್ 10ರ ಮಧ್ಯಂತರ ಬಿಲ್, 38,400. ಕೊನೆಗೆ ಜೂನ್ 12ರ ಅಂತಿಮ ಬಿಲ್: ನಾಲ್ಕು ದಿನದ ಕೊಠಡಿ ಬಾಡಿಗೆ 10,000, ಶಸ್ತ್ರಚಿಕಿತ್ಸೆ ಮತ್ತು ಥಿಯೇಟರ್ 30,000, ಔಷಧಿ ಮತ್ತು ಸಾಮಗ್ರಿ 14,850, ಪರೀಕ್ಷೆಗಳು 7,000, ಒಟ್ಟು 61,850. ರಿಯಾಯಿತಿ 1,850 ಕಳೆದು ನಿವ್ವಳ 60,000. ಅದರಲ್ಲಿ ಮುಂಗಡ 20,000 ಕಳೆದು ಉಳಿದ 40,000ಕ್ಕೆ ಇನ್ನೊಂದು ರಸೀದಿ.

ಇಲ್ಲಿ ಅಕ್ಷರಶಃ ನಕಲು ಮಾಡುವವರು ಮೊದಲ ಮೂರು ಹಾಳೆಗೂ ಒಂದೊಂದು ಸಾಲು ಬರೆದು 20,000, 38,400, 61,850 ಮೂರನ್ನೂ ಕೂಡಿ 1,20,250 ಎನ್ನುತ್ತಾರೆ. ಖರ್ಚಾದದ್ದು 60,000 ಮಾತ್ರ. ಮಧ್ಯಂತರ ಬಿಲ್ ಅಂತಿಮ ಬಿಲ್ಲಿನೊಳಗೇ ಅಡಗಿದೆ, ಮುಂಗಡವೂ ಅಷ್ಟೆ. ಇದನ್ನು ಹಿಡಿಯುವ ದಾರಿ ಸುಲಭವಾಗಿದೆ: ರಸೀದಿಗಳ ಮೊತ್ತ ಒಟ್ಟಾಗಿ ಅಂತಿಮ ಬಿಲ್ಲಿನ ನಿವ್ವಳಕ್ಕೆ ಸರಿಹೊಂದಬೇಕು. 20,000 ಮತ್ತು 40,000 ಸೇರಿ 60,000, ಸರಿ. ಹೊಂದದಿದ್ದರೆ ಒಂದೋ ರಸೀದಿ ಬಿಟ್ಟುಹೋಗಿದೆ, ಇಲ್ಲವೇ ವಿಮೆಯವರು ಒಂದಿಷ್ಟು ಕಟ್ಟಿದ್ದಾರೆ. ವಿಮೆಯ ಪಾಲು ಬಂದಿದ್ದರೆ ಎರಡೂ ಕಡೆಯಿಂದ ಬರುವ ಹಣ ಒಟ್ಟು ಖರ್ಚನ್ನು ದಾಟಬಾರದು.

ಮನೆಗೆ ಬಂದ ಮೇಲಿನ ಚೀಟಿಗಳು ಇನ್ನೂ ಕಿರಿಕಿರಿ. ಜೂನ್ 14ರ ಔಷಧಿ ಬಿಲ್ಲಿನಲ್ಲಿ ಎಂಆರ್‌ಪಿ ಮೊತ್ತ 1,284.60, ರಿಯಾಯಿತಿ 128.46, ರೌಂಡ್ ಆಫ್ 0.14, ಕೊಡಬೇಕಾದದ್ದು 1,156. ಅದರಡಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಅಂಕಿಗಳಿವೆ. ಅವನ್ನು ಮತ್ತೆ ಕೂಡುವಂತಿಲ್ಲ, ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಆಸ್ಪತ್ರೆಯ ಬಿಲ್ಲಿನಲ್ಲಿ ಇದು ಹೀಗಿರಬೇಕೆಂದಿಲ್ಲ. 2022ರ ಜುಲೈ 18ರಿಂದ, ಐಸಿಯು ಬಿಟ್ಟು, ದಿನಕ್ಕೆ 5,000 ರೂಪಾಯಿ ದಾಟಿದ ಕೊಠಡಿ ಬಾಡಿಗೆಗೆ ಶೇ 5 ಜಿಎಸ್‌ಟಿ ಬಿತ್ತು. ಅದು ಬಾಡಿಗೆಯ ಮೇಲೆ ಬೇರೆಯಾಗಿ ಕೂಡುವ ತೆರಿಗೆ. ಒಂದೇ ಕಡತದ ಎರಡು ಕಾಗದಗಳಲ್ಲಿ ತೆರಿಗೆಯ ಸಾಲು ಎರಡು ಬಗೆಯಲ್ಲಿ ನಡೆದುಕೊಳ್ಳುವುದು ಹೀಗೆ.

ಜೂನ್ 22ರಂದು ಮರುಭೇಟಿ. ಸಮಾಲೋಚನೆಗೆ 500, ಔಷಧಿಗೆ 742. ಔಷಧಿ ಬಿಲ್ಲಿನೊಳಗೆ 430ರ ಪ್ರೋಟೀನ್ ಪುಡಿಯ ಡಬ್ಬವೊಂದಿದೆ. ನೌಕರರ ಬೇಡಿಕೆ ಹಾಗಾಗಿ 60,000, 1,156, 500, 742 ಸೇರಿ 62,398.

ಮೊದಲ ಪಂಥ: ಕಾಗದವೇ ಪ್ರಮಾಣ

ಹಳೆಯ ತಲೆಮಾರಿನ ವಿಷಯ ನಿರ್ವಾಹಕರು, ಲೆಕ್ಕಪರಿಶೋಧಕರು ಈ ಪಂಥದವರು. ಅವರ ಪ್ರಕಾರ ಮಾನ್ಯತೆ ಎಂದರೆ ಪ್ರತಿ ಸಾಲಿನ ಹಿಂದೆ ಒಂದು ಸಾಕ್ಷಿ ಇರುವುದು. ಔಷಧಿಯ ಹೆಸರು ವೈದ್ಯರ ಚೀಟಿಯಲ್ಲಿದೆಯೇ, ಚೀಟಿಯ ದಿನಾಂಕ ಬಿಲ್ಲಿಗಿಂತ ಮುಂಚಿನದೇ, ಬಿಲ್ಲಿನ ಮೇಲೆ ರೋಗಿಯ ಹೆಸರಿದೆಯೇ, ಮೇಲುರುಜು ಇದೆಯೇ? ಪ್ರೋಟೀನ್ ಪುಡಿಯ 430 ಈ ಜರಡಿಯಲ್ಲಿ ಉಳಿದುಬಿಡುತ್ತದೆ, 312 ಮಾತ್ರ ಕೆಳಗಿಳಿಯುತ್ತದೆ.

ಈ ಪಂಥಕ್ಕೆ ಒಂದು ದೊಡ್ಡ ಶಕ್ತಿಯಿದೆ. ಕಳ್ಳ ಬಿಲ್ಲು, ಎರಡು ಸಲ ಹಾಕಿದ ಬಿಲ್ಲು, ಪಕ್ಕದ ಮನೆಯವರ ಬಿಲ್ಲು ಇವೆಲ್ಲ ಸಾಲು ಸಾಲಾಗಿ ಓದಿದಾಗಲೇ ಸಿಗುವುದು. ಬಿಲ್ ನಂಬರನ್ನು ದಿನಾಂಕದ ಜೊತೆಗೆ ಬರೆದಿಟ್ಟುಕೊಂಡವರಿಗೆ ಅದೇ ನಂಬರು ಮುಂದಿನ ತಿಂಗಳು ಮತ್ತೆ ಬಂದರೆ ಗೊತ್ತಾಗುತ್ತದೆ. ದುರ್ಬಲತೆಯೂ ಅಲ್ಲೇ ಇದೆ. ಥರ್ಮಲ್ ಕಾಗದದ ಬಿಲ್ಲು ಕೆಲವು ತಿಂಗಳಲ್ಲಿ ಮಾಸಿ ಬಿಳಿ ಹಾಳೆಯಾಗುತ್ತದೆ, ಜೆರಾಕ್ಸ್ ತೆಗೆಸಿಡದಿದ್ದವರ ನಿಜವಾದ ಖರ್ಚು ಅಮಾನ್ಯವಾಗುತ್ತದೆ. ಸಣ್ಣ ಊರಿನ ವೈದ್ಯರ ಚೀಟಿಯಲ್ಲಿ ಒಂದು ಬ್ರಾಂಡ್, ಅಂಗಡಿಯವರು ಕೊಟ್ಟದ್ದು ಅದೇ ಔಷಧದ ಇನ್ನೊಂದು ಬ್ರಾಂಡ್ ಇದ್ದರೂ ಆಕ್ಷೇಪಣೆ ಬೀಳುತ್ತದೆ. ಔಷಧಶಾಸ್ತ್ರ ಓದಿರದ ಗುಮಾಸ್ತರಿಂದ ವೈದ್ಯರ ತೀರ್ಮಾನ ಬಯಸುವ ಪದ್ಧತಿ ಇದು.

ಎರಡನೆಯ ಪಂಥ: ದರವೇ ಮಿತಿ

ಸಾಲು ಸಾಲು ಓದುವ ಕೆಲಸ ಸಾಕಾಗಿ ಬಂದದ್ದು ಪ್ಯಾಕೇಜ್ ದರ. ದಾಖಲಾದ ಹೊತ್ತಿನಿಂದ ಬಿಡುಗಡೆಯವರೆಗಿನ ನೋಂದಣಿ, ಕೊಠಡಿ, ವೈದ್ಯರ ಶುಲ್ಕ, ಅರಿವಳಿಕೆ, ಥಿಯೇಟರ್, ಔಷಧಿ, ಪರೀಕ್ಷೆ ಎಲ್ಲವನ್ನೂ ಒಂದು ಮೊತ್ತದಲ್ಲಿ ಕಟ್ಟಿಟ್ಟದ್ದು ಇದು. ಗುಮಾಸ್ತರು ಇಲ್ಲಿ ನೋಡಬೇಕಾದದ್ದು ಎರಡು ಅಂಕಿ: ಖರ್ಚಾದ ಮೊತ್ತ ಮತ್ತು ನಿಗದಿತ ದರ. ಅವುಗಳಲ್ಲಿ ಕಡಿಮೆಯದು ಮಾನ್ಯ. ಸ್ಪ್ರೆಡ್‌ಶೀಟಿನಲ್ಲಿ `=MIN(F2,G2)` ಎಂದು ಒಂದು ಸೂತ್ರ ಬರೆದರೆ ಸಾಕು. ನಮ್ಮ ಕಡತದಲ್ಲಿ ಪ್ಯಾಕೇಜ್ ದರ 30,000 ಎಂದಿಟ್ಟುಕೊಂಡರೆ, 60,000ದ ಆಸ್ಪತ್ರೆ ಬಿಲ್ಲು 30,000ಕ್ಕೆ ಇಳಿಯಿತು. ಸಮಾಲೋಚನಾ ಶುಲ್ಕಕ್ಕೂ ಮಿತಿಯಿದೆ. ಸಿಜಿಎಚ್‌ಎಸ್ ಅದನ್ನು 2023ರ ಏಪ್ರಿಲ್‌ನಲ್ಲಿ 150ರಿಂದ 350ಕ್ಕೆ ಏರಿಸಿತು, ಹಾಗಾಗಿ ಇಲ್ಲಿನ 500ರಲ್ಲಿ 350 ಮಾನ್ಯ. ಒಟ್ಟು 30,000, 1,156, 350, 312 ಸೇರಿ 31,818. ನೌಕರರ ಕೈಯಿಂದ ಹೋದದ್ದು 30,580.

ಸೂತ್ರ ಸರಳ. ಅದಕ್ಕೆ ಬೇಕಾದ ಅಂಕಿಗಳು ಮಾತ್ರ ಬಿಲ್ಲಿನಲ್ಲಿ ಸಿಗುವುದಿಲ್ಲ. ಆಸ್ಪತ್ರೆಗೆ ಎನ್ಎಬಿಎಚ್ ಮಾನ್ಯತೆ ಇದೆಯೇ ಇಲ್ಲವೇ ಎಂಬುದರ ಮೇಲೆ ದರ ಬದಲಾಗುತ್ತದೆ. ನೌಕರರ ಮೂಲ ವೇತನದ ಮೇಲೆ ವಾರ್ಡ್ ಬದಲಾಗುತ್ತದೆ: 36,500ರವರೆಗೆ ಸಾಮಾನ್ಯ ವಾರ್ಡ್, 50,500ರವರೆಗೆ ಅರೆ ಖಾಸಗಿ, ಅದರಾಚೆ ಖಾಸಗಿ. ಆಸ್ಪತ್ರೆಯವರು ಕೊಟ್ಟ ಕೊಠಡಿ ಯಾವುದೇ ಇರಲಿ, ಲೆಕ್ಕಕ್ಕೆ ಬರುವುದು ಅರ್ಹತೆಯ ವಾರ್ಡ್. ಬಿಲ್ಲಿನ ಮೇಲೆ "ಡೀಲಕ್ಸ್" ಎಂದಿದ್ದರೆ ಅದನ್ನು ಹಾಗೆಯೇ ದರದ ಕಾಲಂಗೆ ಇಳಿಸುವುದು ನಾನು ಕಂಡ ತಪ್ಪುಗಳಲ್ಲಿ ಬಹಳ ಸಾಮಾನ್ಯವಾದದ್ದು.

ಪ್ಯಾಕೇಜಿಗೆ ದಿನಗಳ ಲೆಕ್ಕವೂ ಇದೆ. ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ 12 ದಿನ, ಇತರ ದೊಡ್ಡ ಶಸ್ತ್ರಚಿಕಿತ್ಸೆಗೆ 7, ಲ್ಯಾಪರೊಸ್ಕೋಪಿ ಮತ್ತು ಸಹಜ ಹೆರಿಗೆಗೆ 3, ಸಣ್ಣಪುಟ್ಟದಕ್ಕೆ 1. ನಮ್ಮ ರೋಗಿ 8ರಿಂದ 12ರವರೆಗೆ ಇದ್ದರು, ಅಂದರೆ ಮೂರರ ಮೇಲೆ ಒಂದು ದಿನ. ಆ ಒಂದು ದಿನ ಮಾನ್ಯವೇ ಎಂಬುದಕ್ಕೆ ಉತ್ತರ ಡಿಸ್ಚಾರ್ಜ್ ಸಮರಿಯಲ್ಲಿದೆ. ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು ತಗಲಿ ಉಳಿಯಬೇಕಾಗಿದ್ದರೆ ಅದಕ್ಕೆ ಹೆಚ್ಚುವರಿ ಹಣವಿಲ್ಲ, ಅದು ಆಸ್ಪತ್ರೆಯ ಹೊಣೆ. ಸಕ್ಕರೆ ಕಾಯಿಲೆ ಹತೋಟಿಗೆ ಬರಲಿಲ್ಲ ಎಂಬಂಥ ಸಮರ್ಥನೀಯ ಕಾರಣವನ್ನು ದಾಖಲೆ ಸಮೇತ ತೋರಿಸಿ ಮಂಜೂರಾತಿ ಪಡೆದರೆ ಆ ದಿನದ ಕೊಠಡಿ, ಔಷಧಿ, ಪರೀಕ್ಷೆ, ದಿನಕ್ಕೆ ಎರಡನ್ನು ಮೀರದ ವೈದ್ಯರ ಭೇಟಿ ಸಿಗುತ್ತವೆ. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಆ ದಿನದ ಷರಾ ಮಾನ್ಯವೂ ಅಲ್ಲ, ಅಮಾನ್ಯವೂ ಅಲ್ಲ: "ಕಾರಣ ಕೇಳಿದೆ, ತಡೆಹಿಡಿದಿದೆ". ಎರಡೇ ಆಯ್ಕೆಯ ಷರಾ ಕಾಲಂ ಇಟ್ಟುಕೊಂಡ ಕಚೇರಿಗಳಲ್ಲಿ ಇಂಥ ಸಾಲುಗಳು ಸುಮ್ಮನೆ ಅಮಾನ್ಯಕ್ಕೆ ಹೋಗಿ ಬೀಳುತ್ತವೆ.

ಮೂರನೆಯ ಪಂಥ: ಚಿಕಿತ್ಸೆ ನಡೆದದ್ದು ನಿಜವೇ?

ಈ ವಾದ ಹುಟ್ಟಿದ್ದು ನ್ಯಾಯಾಲಯಗಳಲ್ಲಿ. 1996ರಲ್ಲಿ ಸುರ್ಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಗ್ಲೆಂಡಿನಲ್ಲಿದ್ದಾಗ ಹೃದಯದ ತೊಂದರೆಯಾಗಿ ಅಲ್ಲೇ ಬೈಪಾಸ್ ಮಾಡಿಸಿಕೊಂಡ ಪಂಜಾಬಿನ ನೌಕರರಿಗೆ ದೆಹಲಿಯ ಮಾನ್ಯತೆ ಪಡೆದ ಖಾಸಗಿ ಆಸ್ಪತ್ರೆಯ ದರ ಕೊಡಬೇಕೆಂದಿತು. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ವೈದ್ಯಕೀಯ ಮಂಡಳಿಯ ಪೂರ್ವಾನುಮತಿಗೆ ಕಾಯುತ್ತ ಕೂರಲಾಗದು ಎಂಬುದು ಅದರ ಹುರುಳು. ಎರಡೇ ವರ್ಷಕ್ಕೆ, 1998ರ ರಾಮ್ ಲುಭಾಯಾ ಬಗ್ಗಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಅದೇ ಪಂಜಾಬಿನ ಹೊಸ ನೀತಿಯನ್ನು ಎತ್ತಿಹಿಡಿದು, ಸರ್ಕಾರದ ಬೊಕ್ಕಸಕ್ಕೆ ಮಿತಿಯಿದೆ, ಆದ್ದರಿಂದ ದರಕ್ಕೂ ಮಿತಿ ಹಾಕಬಹುದು ಎಂದಿತು. ಎರಡನೆಯ ಪಂಥದವರು ಇಂದಿಗೂ ತಮ್ಮ ಟಿಪ್ಪಣಿಗಳಲ್ಲಿ ಇದನ್ನೇ ಎತ್ತಿ ಬರೆಯುತ್ತಾರೆ.

2018ರ ಏಪ್ರಿಲ್ 13ರ ಶಿವಕಾಂತ್ ಝಾ ತೀರ್ಪು ಮತ್ತೆ ತಕ್ಕಡಿಯನ್ನು ವಾಲಿಸಿತು. ನಿವೃತ್ತ ಕೇಂದ್ರ ಅಧಿಕಾರಿಯೊಬ್ಬರು ಪಟ್ಟಿಯಲ್ಲಿರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದದ್ದಕ್ಕೆ ಪೂರ್ತಿ ಹಣ ಸಿಕ್ಕಿರಲಿಲ್ಲ. ಆಸ್ಪತ್ರೆಯ ಹೆಸರು ಸರ್ಕಾರದ ಆದೇಶದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ, ಚಿಕಿತ್ಸೆ ನಡೆದದ್ದು ನಿಜವೇ ಎಂಬುದೇ ಒರೆಗಲ್ಲು ಎಂದಿತು ನ್ಯಾಯಾಲಯ. ವೈದ್ಯರ, ಆಸ್ಪತ್ರೆಯ ದಾಖಲೆಗಳಿಂದ ಅದು ದೃಢಪಟ್ಟ ಮೇಲೆ ತಾಂತ್ರಿಕ ಕಾರಣ ಒಡ್ಡಬಾರದು ಎಂದೂ ಹೇಳಿತು. ಅರ್ಜಿಗಳಲ್ಲಿ ಈ ತೀರ್ಪನ್ನು ಲಗತ್ತಿಸದವರೇ ಈಗ ಅಪರೂಪ. ಆದರೆ ಪರಿಹಾರದ ಆದೇಶವನ್ನು ಆ ಒಂದು ಪ್ರಕರಣಕ್ಕಷ್ಟೇ ಸೀಮಿತಗೊಳಿಸಿದ ಮಾತೂ ಅದೇ ತೀರ್ಪಿನಲ್ಲಿದೆ. ಅದನ್ನು ಅರ್ಜಿದಾರರು ಲಗತ್ತಿಸಿದ ಪುಟಗಳಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗದು.

ಗುಮಾಸ್ತರ ಪಟ್ಟಿಗೆ ಈ ಪಂಥದಿಂದ ಬಂದ ಬದಲಾವಣೆ ಸಣ್ಣದಲ್ಲ. "ತುರ್ತು ಹೌದೇ?" ಎಂಬ ಒಂದು ಕಾಲಂ ಹೆಚ್ಚಾಗುತ್ತದೆ, ಮತ್ತು ಅದನ್ನು ತುಂಬಲು ಬಿಲ್ಲು ನೋಡಿ ಪ್ರಯೋಜನವಿಲ್ಲ. ದಾಖಲಾದ ಗಂಟೆ, ಯಾವ ದಾರಿಯಲ್ಲಿ ದಾಖಲಾದರು, ಬಂದಾಗಿನ ಸ್ಥಿತಿ ಏನು ಎಂಬುದನ್ನು ಡಿಸ್ಚಾರ್ಜ್ ಸಮರಿಯಿಂದ ಎತ್ತಬೇಕು. ಬೆಳಿಗ್ಗೆ ಹತ್ತಕ್ಕೆ ಹೊರರೋಗಿ ವಿಭಾಗದ ಮೂಲಕ ದಾಖಲಾಗಿ ಮರುದಿನ ಶಸ್ತ್ರಚಿಕಿತ್ಸೆಯಾದ ಕಡತಕ್ಕೆ "ತುರ್ತು" ಎಂಬ ಮೊಹರು ಬಿದ್ದಿದ್ದರೆ ಅನುಮಾನ ಪಡಲು ಕಾರಣವಿದೆ.

ದಿನಾಂಕ: ಎಲ್ಲರೂ ಹಗುರವಾಗಿ ಕಂಡದ್ದು

ನನ್ನ ಮಟ್ಟಿಗೆ ಈ ಮೂರು ಕಾಲಂಗಳಲ್ಲಿ ಅತಿ ಅಪಾಯದ್ದು ದಿನಾಂಕ. ಮೊತ್ತ ತಪ್ಪಿದರೆ ಕೂಡುವಾಗ ಸಿಕ್ಕಿಬೀಳುತ್ತದೆ, ದಿನಾಂಕ ತಪ್ಪಿದರೆ ಯಾವ ಕೂಡುವಿಕೆಯೂ ಹೇಳಿಕೊಡುವುದಿಲ್ಲ. ಬಿಲ್ಲಿನ ಮೂಲೆಯಲ್ಲಿ ಕಾಣುವ ದಿನಾಂಕ ಎಷ್ಟೋ ಸಲ ಮುದ್ರಣದ್ದು, ಡೂಪ್ಲಿಕೇಟ್ ಪ್ರತಿ ಕೇಳಿ ಪಡೆದ ದಿನದ್ದು. 06/08 ಎಂದಿದ್ದರೆ ಆಗಸ್ಟ್ 6 ಎಂದು ನಾವು ಓದುತ್ತೇವೆ, ತಿಂಗಳು ಮೊದಲು ಬರೆಯುವ ಸಾಫ್ಟ್‌ವೇರ್ ಅದನ್ನು ಜೂನ್ 8 ಎಂಬರ್ಥದಲ್ಲಿ ಅಚ್ಚು ಮಾಡಿರುತ್ತದೆ. ನಮ್ಮ ಕಡತದ ಮುಂಗಡ ರಸೀದಿಯೇ ಹೀಗೆ ಬಂದರೆ, ಬಿಡುಗಡೆಯಾದ ಸುಮಾರು ಎರಡು ತಿಂಗಳ ಮೇಲೆ ಮುಂಗಡ ಕಟ್ಟಿದಂತಾಗುತ್ತದೆ. ದಾಖಲಾತಿ, ಮುಂಗಡ ರಸೀದಿ, ಬಿಲ್, ಬಿಡುಗಡೆ ಈ ಅನುಕ್ರಮ ಮುರಿದಿದೆಯೇ ಎಂದು ನೋಡುವುದೇ ಇದಕ್ಕೆ ಮದ್ದು.

ಬೇಡಿಕೆ ಸಲ್ಲಿಸುವ ಅವಧಿಯ ಲೆಕ್ಕದಲ್ಲಿ ಇದರ ಬಿಸಿ ತಟ್ಟುತ್ತದೆ. ಸಿಎಸ್ ಎಂಎ ನಿಯಮಗಳ ಮೂಲ ಸೂತ್ರದಲ್ಲಿ ಮೂರು ತಿಂಗಳು ಎಣಿಸುವುದು ಬಿಲ್ಲಿನ ದಿನದಿಂದಲ್ಲ. ಕೊನೆಯ ಎಸೆನ್ಶಿಯಾಲಿಟಿ ಸರ್ಟಿಫಿಕೇಟಿನಲ್ಲಿ ಚಿಕಿತ್ಸೆ ಮುಗಿಯಿತೆಂದು ತೋರಿಸಿದ ದಿನದಿಂದ ಎಣಿಸಬೇಕು. ನಮ್ಮ ನೌಕರರು ಸೆಪ್ಟೆಂಬರ್ 18ರಂದು ಅರ್ಜಿ ಕೊಟ್ಟರು ಎನ್ನೋಣ. ಅಂತಿಮ ಬಿಲ್ಲಿನ ಜೂನ್ 12ರಿಂದ `=EDATE(C2,3)` ಹಾಕಿದರೆ ಸೆಪ್ಟೆಂಬರ್ 12 ಬರುತ್ತದೆ, ಅರ್ಜಿ ತಡ, ಪೂರ್ತಿ ಕಡತ ತಿರಸ್ಕೃತ. ಮರುಭೇಟಿಗೆ ಕೊಟ್ಟ 'ಎ' ಸರ್ಟಿಫಿಕೇಟಿನ ಜೂನ್ 22ರಿಂದ ಎಣಿಸಿದರೆ ಗಡುವು ಸೆಪ್ಟೆಂಬರ್ 22, ಅರ್ಜಿ ಸಕಾಲದ್ದು. C2 ಕೋಶದಲ್ಲಿ ಯಾವ ದಿನಾಂಕ ಕೂರಿಸಿದಿರಿ ಎಂಬುದೊಂದೇ 31,818 ರೂಪಾಯಿಯನ್ನು ತೀರ್ಮಾನಿಸಿತು. ಅವಧಿ ಎಷ್ಟು ತಿಂಗಳು ಎಂಬುದನ್ನು ಆಯಾ ಕಚೇರಿಗೆ ಅನ್ವಯಿಸುವ ಚಾಲ್ತಿ ಆದೇಶದಿಂದ ಹಾಕಿಕೊಳ್ಳಬೇಕು, ಎಣಿಕೆ ಶುರುವಾಗುವ ದಿನದ ಪ್ರಶ್ನೆ ಮಾತ್ರ ಎಲ್ಲೆಡೆ ಇದ್ದೇ ಇರುತ್ತದೆ.

ಹಾಗಾಗಿ ದಿನಾಂಕಕ್ಕೆ ಒಂದೇ ಕಾಲಂ ಸಾಲದು. ದಾಖಲಾತಿ, ಬಿಡುಗಡೆ, ಬಿಲ್, ಕೊನೆಯ ಸರ್ಟಿಫಿಕೇಟ್, ಅರ್ಜಿ ಕಚೇರಿ ಮುಟ್ಟಿದ ದಿನ, ಇಷ್ಟನ್ನೂ ಬೇರೆ ಬೇರೆ ಬರೆದಿಟ್ಟವರಿಗೆ ಮೇಲ್ಮನವಿ ಬಂದಾಗ ಕಡತ ಮತ್ತೆ ಬಿಚ್ಚುವ ಕೆಲಸವಿರುವುದಿಲ್ಲ. ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ ಅಂಕಿಗಳನ್ನು ತಾನಾಗಿ ಓದಿಸುವ ತಂತ್ರಾಂಶಗಳೂ ಎಡವುವುದು ಬಹುಪಾಲು ಇಲ್ಲೇ. ಅಂಕಿಯನ್ನು ಅವು ಸರಿಯಾಗಿಯೇ ಓದುತ್ತವೆ, ಅದು ಯಾವ ದಿನಾಂಕ ಎಂಬುದನ್ನು ತಪ್ಪು ಹೇಳುತ್ತವೆ.

ಗುಮಾಸ್ತರೇ ಬೇಡ ಎಂಬ ನಾಲ್ಕನೆಯ ದಾರಿ

ನಗದುರಹಿತ ಚಿಕಿತ್ಸೆ ಬಂದರೆ ಈ ತಲೆನೋವೇ ಇಲ್ಲ ಎನ್ನುವವರಿದ್ದಾರೆ. ಕರ್ನಾಟಕದಲ್ಲಿ ಜ್ಯೋತಿ ಸಂಜೀವಿನಿ ಯೋಜನೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ಹೃದ್ರೋಗ, ಕ್ಯಾನ್ಸರ್, ಸುಟ್ಟ ಗಾಯ ಮೊದಲಾದ ಏಳು ವಿಭಾಗಗಳ ದುಬಾರಿ ಚಿಕಿತ್ಸೆಗೆ ಈ ದಾರಿ ತೆರೆಯಿತು. 2025ರ ಅಕ್ಟೋಬರ್ 1ರಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಅದನ್ನು ಇನ್ನಷ್ಟು ಹಿಗ್ಗಿಸಿತು. ಬಿಲ್ಲು ಆಸ್ಪತ್ರೆಯಿಂದ ನೇರ ಯೋಜನೆಗೆ ಹೋಗುತ್ತದೆ. ಓದುವ ಕೆಲಸ ಇಲ್ಲವಾಗುವುದಿಲ್ಲ, ನೌಕರರಿಗೆ ಪರಿಚಯವಿರುವ ಮೇಜಿನಿಂದ ಪರಿಚಯವಿಲ್ಲದ ಮೇಜಿಗೆ ಸಾಗುತ್ತದೆ. ಯೋಜನೆ ಆರಂಭವಾಗುವುದಕ್ಕೂ ಹಿಂದಿನ ಚಿಕಿತ್ಸೆಗಳ ಕಡತಗಳು, ಪಟ್ಟಿಯಾಚೆಯ ಆಸ್ಪತ್ರೆಗೆ ತುರ್ತಾಗಿ ಹೋದವರ ಕಡತಗಳು ಹಳೆಯ ಮೇಜಿಗೇ ಬರುತ್ತವೆ.

ಇನ್ನೂ ಬಗೆಹರಿಯದವು

ದರ ಪರಿಷ್ಕರಣೆಯ ಗಡಿಯಲ್ಲಿ ಬಿದ್ದ ಕಡತಗಳದು ಮೊದಲ ಗೊಂದಲ. ಸಿಜಿಎಚ್‌ಎಸ್‌ನ ಹೊಸ ಪ್ಯಾಕೇಜ್ ದರಗಳು 2025ರ ಅಕ್ಟೋಬರ್ 13ರಿಂದ ಜಾರಿಗೆ ಬಂದವು. 10ರಂದು ದಾಖಲಾಗಿ 16ರಂದು ಬಿಡುಗಡೆಯಾದವರಿಗೆ ಹಳೆಯ ದರವೋ ಹೊಸದೋ? ದಾಖಲಾದ ದಿನ, ಶಸ್ತ್ರಚಿಕಿತ್ಸೆಯ ದಿನ, ಬಿಡುಗಡೆಯ ದಿನ, ಮೂರಕ್ಕೂ ವಾದಿಸುವವರಿದ್ದಾರೆ. ಪ್ಯಾಕೇಜಿನ ಮೂರು ದಿನವನ್ನು ರಾತ್ರಿಗಳಲ್ಲಿ ಎಣಿಸಬೇಕೋ ಕ್ಯಾಲೆಂಡರ್ ತಾರೀಖುಗಳಲ್ಲೋ ಎಂಬುದರಲ್ಲೂ ಕಚೇರಿಗಳಿಗೆ ಒಮ್ಮತವಿಲ್ಲ. ರಾತ್ರಿಗಳಲ್ಲಿ ಎಣಿಸಿದರೆ ನಮ್ಮ ರೋಗಿಯ ವಾಸ ನಾಲ್ಕು ದಿನ, ತಾರೀಖುಗಳಲ್ಲಿ ಎಣಿಸಿದರೆ ಐದು. ಆಗ ತಡೆಹಿಡಿದ ಸಾಲು ಒಂದು ದಿನದ್ದೋ ಎರಡರದ್ದೋ ಎಂಬುದೂ ತಕರಾರಿಗೆ ಬೀಳುತ್ತದೆ.

ಇದಕ್ಕಿಂತ ದೊಡ್ಡದು ಮಾನ್ಯತೆಯ ಷರಾ ಬರೆಯುವ ಅಧಿಕಾರ ಯಾರದೆಂಬುದು. ಗುಮಾಸ್ತರು ಬಿಲ್ಲಿನಲ್ಲಿದ್ದುದನ್ನಷ್ಟೇ ಎತ್ತಿಟ್ಟು ತೀರ್ಮಾನವನ್ನು ಮಂಜೂರು ಮಾಡುವ ಅಧಿಕಾರಿಗೆ ಬಿಡಬೇಕು ಎಂದು ಒಂದು ಕಡೆಯವರು ಹೇಳುತ್ತಾರೆ. ಅಧಿಕಾರಿ ಕಡತದ ಮೇಲಿನ ಷರಾಕ್ಕೇ ರುಜು ಹಾಕುತ್ತಾರಾದ್ದರಿಂದ ತೀರ್ಮಾನ ಕೆಳಗಿನ ಮೇಜಿನಲ್ಲೇ ಆಗಿಹೋಗಿರುತ್ತದೆ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಎರಡೂ ನಿಜ. ಕಡಿತವಾದ 30,580 ರೂಪಾಯಿಗೆ ಸಾಲುವಾರು ಕಾರಣವನ್ನು ನೌಕರರಿಗೆ ಲಿಖಿತವಾಗಿ ಕೊಡಬೇಕೇ, ಕೊಟ್ಟರೆ ಯಾರ ರುಜುವಿನಲ್ಲಿ ಎಂಬುದು ಈಗಲೂ ಒಂದೊಂದು ಕಚೇರಿಯಲ್ಲಿ ಒಂದೊಂದು ಬಗೆ.